ಮುಖ ತೋರಿಸದ ಚಾನೆಲ್‌ಗೆ ಸ್ಕ್ರಿಪ್ಟ್: ‘ಏಷ್ಯಾದಲ್ಲೇ ಮೊದಲು’ ಅನ್ನುವ ಮುನ್ನ

ಓದುಗರ ಪ್ರಶ್ನೆ: ನಮ್ಮದು ಮುಖ ತೋರಿಸದ ಇತಿಹಾಸದ ಚಾನೆಲ್, ಬರೀ ದನಿ. ‘ಏಷ್ಯಾದಲ್ಲೇ ಮೊದಲು ಕರೆಂಟ್ ಕಂಡ ಊರು ಬೆಂಗಳೂರು’ ಎಂದು ಒಂದು ನಿಮಿಷದ ವಿಡಿಯೊ ಮಾಡಬೇಕೆಂದಿದ್ದೇವೆ. ಹತ್ತು ಕಡೆ ಹಾಗೇ ಬರೆದಿದ್ದಾರೆ. ಅಷ್ಟು ಸಾಕಲ್ಲವೆ? ಸ್ಕ್ರಿಪ್ಟ್ ಹೇಗೆ ಬರೆಯುವುದು?

ಉತ್ತರ: ಸಾಲದು. ಆ ಹತ್ತೂ ಬರಹಗಳನ್ನು ಪಕ್ಕಪಕ್ಕ ತೆರೆದು ನೋಡಿ. ವಾಕ್ಯದ ಜೋಡಣೆಯೂ ಒಂದೇ, ತಪ್ಪೂ ಒಂದೇ ಆಗಿದ್ದರೆ ಅವು ಹತ್ತು ಮೂಲಗಳಲ್ಲ, ಒಂದೇ ಮೂಲದ ಹತ್ತು ನಕಲು. ಎಣಿಸಬೇಕಾದದ್ದು ಎಷ್ಟು ಜನ ಹೇಳಿದರು ಎಂಬುದನ್ನಲ್ಲ, ಅವರಲ್ಲಿ ಎಷ್ಟು ಜನ ಬೇರೆ ಬೇರೆ ಕಡೆಯಿಂದ ತಿಳಿದು ಹೇಳಿದರು ಎಂಬುದನ್ನು.

ಮೊದಲು ಆ ಒಂದು ವಾಕ್ಯವನ್ನು ಬಿಡಿಸಿ. ಅದರೊಳಗೆ ಮೂರು ಮಾತುಗಳಿವೆ: ಬೆಂಗಳೂರಿಗೆ ಕರೆಂಟ್ ಬಂತು, ಇಂಥ ವರ್ಷ ಬಂತು, ಅದಕ್ಕೆ ಮುಂಚೆ ಏಷ್ಯಾದಲ್ಲಿ ಎಲ್ಲೂ ಇರಲಿಲ್ಲ. ಮೊದಲ ಎರಡನ್ನು ದಾಖಲೆ ಹುಡುಕಿ ಸಾಬೀತು ಮಾಡಬಹುದು. ಮೂರನೆಯದು ಬೇರೆ ಜಾತಿಯದು. ‘ಮೊದಲು’ ಎಂಬುದನ್ನು ಸಾಬೀತು ಮಾಡಲು ಇಡೀ ಏಷ್ಯಾ ಜಾಲಾಡಬೇಕು, ಸುಳ್ಳು ಮಾಡಲು ಅದಕ್ಕಿಂತ ಹಳೆಯ ಒಂದೇ ಉದಾಹರಣೆ ಸಾಕು. ಹಾಗಾಗಿ ಹುಡುಕುವಾಗ ‘ಬೆಂಗಳೂರು ಮೊದಲು’ ಎಂದು ಟೈಪ್ ಮಾಡಬೇಡಿ, ಆಗ ಸಿಗುವುದು ಅದೇ ನಕಲುಗಳು. ಬೆಂಗಳೂರಿನ ಹೆಸರು ಬಿಟ್ಟು, ಏಷ್ಯಾದ ಹಳೆಯ ವಿದ್ಯುತ್ ಸ್ಥಾವರಗಳನ್ನು ಹುಡುಕಿ.

ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಶಿವನಸಮುದ್ರದ ಸ್ಥಾವರ ಶುರುವಾದದ್ದು 1902ರ ಜೂನ್‌ನಲ್ಲಿ, ಮೊದಲು ಕರೆಂಟ್ ಹೋದದ್ದು ಕೋಲಾರದ ಚಿನ್ನದ ಗಣಿಗೆ. ಅಲ್ಲಿಂದ ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಆದರೆ ಡಾರ್ಜಿಲಿಂಗ್ ಬಳಿಯ ಸಿದ್ರಾಪೋಂಗ್‌ನಲ್ಲಿ 1897ರಲ್ಲೇ ಜಲವಿದ್ಯುತ್ ಸ್ಥಾವರ ಕೆಲಸ ಮಾಡುತ್ತಿತ್ತು, ಅದನ್ನು ಕಟ್ಟಿದ್ದೇ ಆ ಊರಿನ ದೀಪಕ್ಕೆ. ಕೋಲ್ಕತ್ತದಲ್ಲಿ 1899ರಲ್ಲಿ ಕಂಪನಿಯೊಂದು ಕರೆಂಟ್ ಮಾರತೊಡಗಿತ್ತು. ಜಪಾನಿನ ಕ್ಯೋಟೊದಲ್ಲಿ ಕಾಲುವೆ ನೀರಿನಿಂದ ನಡೆಯುವ ಕೆಆಗೆ ಸ್ಥಾವರ 1891ರದು. ‘ಏಷ್ಯಾದಲ್ಲೇ ಮೊದಲು’ ಹೋಯಿತು, ‘ಭಾರತದಲ್ಲೇ ಮೊದಲು’ ಕೂಡ ಹೋಯಿತು.

ಹಾಗೆಂದು ವಿಡಿಯೊ ಕೈಬಿಡಬೇಕಿಲ್ಲ. ಸುಳ್ಳು ಕಳಚಿದ ಮೇಲೆ ಉಳಿಯುವುದೇ ಇಲ್ಲಿ ಹೆಚ್ಚು ಚೆನ್ನಾಗಿದೆ. ಶಿವನಸಮುದ್ರದಿಂದ ಗಣಿಗೆ ಎಳೆದ ತಂತಿ ಸುಮಾರು 92 ಮೈಲಿ, ಅಂದರೆ 148 ಕಿಲೋಮೀಟರ್. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ‘ಒಂದು’ ಎಂಬ ಪದ ಬಿಡಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1901ರಲ್ಲೇ ಇದಕ್ಕಿಂತ ಉದ್ದದ ಮಾರ್ಗ ಇತ್ತು.

ಈ ವಿಷಯದಲ್ಲಿ ಪದೇ ಪದೇ ಆಗುವ ಇನ್ನೊಂದು ತಪ್ಪು ಹೆಸರಿನದು. ಶಿವನಸಮುದ್ರದ ಯೋಜನೆಯನ್ನು ಸರ್ ಎಂ. ವಿಶ್ವೇಶ್ವರಯ್ಯನವರ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ, ದಿವಾನರಾದದ್ದು 1912ರಲ್ಲಿ. ಯೋಜನೆ ಶುರುವಾದದ್ದು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಅದರ ಹಿಂದಿದ್ದ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್. ಯಾವ ದೊಡ್ಡ ಹೆಸರು ಬಂದರೂ ಅವರು ಆ ವರ್ಷ ಯಾವ ಹುದ್ದೆಯಲ್ಲಿದ್ದರು ಎಂದು ನೋಡುವುದು ಎರಡು ನಿಮಿಷದ ಕೆಲಸ, ತಪ್ಪುಗಳಲ್ಲಿ ಬಹುಪಾಲು ಅಲ್ಲೇ ಸಿಕ್ಕಿಬೀಳುತ್ತವೆ. ಚಿತ್ರಕ್ಕೂ ಇದೇ ಮಾತು: 1902ರ ಕಥೆಯ ಮೇಲೆ ಕೆಆರ್‌ಎಸ್ ಅಣೆಕಟ್ಟಿನ ಫೋಟೊ ಹಾಕಿದರೆ, ದನಿ ಹೇಳದ ಸುಳ್ಳನ್ನು ಚಿತ್ರ ಹೇಳುತ್ತದೆ. ಕೆಆರ್‌ಎಸ್ ಕೆಲಸ ಶುರುವಾದದ್ದೇ 1911ರಲ್ಲಿ.

ಮೂಲ ಎಲ್ಲಿ ನೋಡಬೇಕು? ಮೈಸೂರು ಸಂಸ್ಥಾನದ ಹಳೆಯ ಆಡಳಿತ ವರದಿಗಳು, ಗೆಜೆಟಿಯರ್‌ಗಳು archive.org ನಲ್ಲಿ ಸ್ಕ್ಯಾನ್ ಆಗಿ ಸಿಗುತ್ತವೆ. ವಿಕಿಪೀಡಿಯ ಓದಿ, ಆದರೆ ಅಲ್ಲಿ ನಿಲ್ಲಬೇಡಿ. ಆ ವಾಕ್ಯದ ಪಕ್ಕದ ಅಡಿಟಿಪ್ಪಣಿ ಒತ್ತಿ, ಅದು ಕರೆದೊಯ್ಯುವ ಪುಟದಲ್ಲಿ ಆ ಮಾತು ನಿಜಕ್ಕೂ ಇದೆಯೇ ನೋಡಿ. ಅದು ಇತ್ತೀಚಿನ ಪತ್ರಿಕಾ ಲೇಖನವಾಗಿದ್ದು, ಆ ಲೇಖನಕ್ಕೆ ಬೇರೆ ಆಧಾರವೇ ಇಲ್ಲದಿದ್ದರೆ ನೀವು ಹೊರಟಲ್ಲಿಗೇ ಬಂದಿದ್ದೀರಿ.

ಸ್ಕ್ರಿಪ್ಟನ್ನು ಎರಡು ಅಂಕಣದಲ್ಲಿ ಬರೆಯಿರಿ. ಎಡಕ್ಕೆ ಓದುವ ವಾಕ್ಯ, ಬಲಕ್ಕೆ ಅದು ಎಲ್ಲಿಂದ ಬಂತು ಎಂಬುದು, ಪುಟದ ಸಂಖ್ಯೆ ಸಮೇತ. ಬಲಗಡೆ ಖಾಲಿ ಉಳಿದ ವಾಕ್ಯವನ್ನು ಒಂದೋ ಹೊಡೆದುಹಾಕಿ, ಇಲ್ಲವೇ ಆಧಾರ ಸಿಗುವಷ್ಟಕ್ಕೆ ಇಳಿಸಿ.

ಇನ್ನು ಅಳತೆ. ಕನ್ನಡದಲ್ಲಿ ಪದಗಳು ಉದ್ದ, ವಿಭಕ್ತಿಯೆಲ್ಲ ಪದಕ್ಕೇ ಅಂಟಿಕೊಂಡಿರುತ್ತದೆ. ಹಾಗಾಗಿ ಇಂಗ್ಲಿಷಿನವರು ಹೇಳುವ ನಿಮಿಷಕ್ಕೆ 150 ಪದದ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಆ ಲೆಕ್ಕದಲ್ಲಿ ಬರೆದರೆ ಕೊನೆಯಲ್ಲಿ ಉಸಿರುಗಟ್ಟಿ ಓಡಬೇಕಾಗುತ್ತದೆ. ಒಂದು ನಿಮಿಷಕ್ಕೆ 90ರಿಂದ 110 ಪದ ಇಟ್ಟುಕೊಳ್ಳಿ. ನಿಮ್ಮ ದನಿಯ ವೇಗ ತಿಳಿಯಲು ಯಾವುದಾದರೂ ಪುಟವನ್ನು ಗಡಿಯಾರ ಹಿಡಿದು ಒಂದು ನಿಮಿಷ ಓದಿ, ಪದ ಎಣಿಸಿ.

ಬರೀ ದನಿಯ ಸ್ಕ್ರಿಪ್ಟಿನಲ್ಲಿ ಕೇಳುವವರು ಹಿಂದಿನ ಸಾಲಿಗೆ ಕಣ್ಣು ಹಾಯಿಸಲಾರರು. ಆದ್ದರಿಂದ ಒಂದು ವಾಕ್ಯಕ್ಕೆ ಒಂದೇ ಅಂಕಿ, ಅದನ್ನೂ ಓದುವ ಹಾಗೇ ಅಕ್ಷರದಲ್ಲಿ ಬರೆಯಬೇಕು. ಇಲ್ಲವಾದರೆ ರೆಕಾರ್ಡಿಂಗ್ ಹೊತ್ತಿನಲ್ಲಿ ನಾಲಿಗೆ ತಡವರಿಸುತ್ತದೆ. ‘148 ಕಿ.ಮೀ.’ ಕಿವಿಗೆ ನಿಲ್ಲದು, ‘ಬೆಂಗಳೂರಿನಿಂದ ಮೈಸೂರಿಗೆ ಇರುವಷ್ಟು’ ಎಂದರೆ ನಿಲ್ಲುತ್ತದೆ. ನಿಮ್ಮ ವಿಡಿಯೊದ ಮೊದಲರ್ಧ ಹೀಗೆ ಬರಬಹುದು:

> ಕೋಲಾರದ ಚಿನ್ನದ ಗಣಿಗೆ ಕರೆಂಟ್ ಬೇಕಿತ್ತು. ನೀರು ಧುಮ್ಮಿಕ್ಕುತ್ತಿದ್ದದ್ದು ದೂರದ ಶಿವನಸಮುದ್ರದಲ್ಲಿ. ನಡುವೆ ಎಷ್ಟು ದಾರಿ? ಬೆಂಗಳೂರಿನಿಂದ ಮೈಸೂರಿಗೆ ಇರುವಷ್ಟು. ಸಾವಿರದ ಒಂಬೈನೂರ ಎರಡರಲ್ಲಿ ಅಷ್ಟುದ್ದಕ್ಕೂ ತಂತಿ ಎಳೆದು ಕಾವೇರಿಯ ಕರೆಂಟನ್ನು ಗಣಿಗೆ ಮುಟ್ಟಿಸಿದರು. ಆಗಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಇದೂ ಒಂದು. ಇಷ್ಟಾದರೂ ಬೆಂಗಳೂರು ಕತ್ತಲಲ್ಲೇ ಇತ್ತು. ಅಲ್ಲಿಗೆ ದೀಪ ಬರಲು ಇನ್ನೂ ಮೂರು ವರ್ಷ ಹಿಡಿಯಿತು.

‘ಏಷ್ಯಾದಲ್ಲೇ ಮೊದಲು’ ಇಲ್ಲದೆಯೂ ಕೇಳುವವರನ್ನು ಹಿಡಿಯುವುದು ಕೊನೆಯ ಎರಡು ವಾಕ್ಯ: ಕರೆಂಟ್ ಗಣಿಗೆ ಮೊದಲು, ರಾಜಧಾನಿಯಂಥ ಊರಿಗೆ ಆಮೇಲೆ. ಎಂಜಿನಿಯರರ ಹೆಸರನ್ನು ಇಲ್ಲಿ ಬಿಟ್ಟಿದ್ದೇವೆ. ಒಮ್ಮೆ ಕೇಳಿ ನೆನಪಿಡಲಾಗದ ಹೆಸರು ಅರ್ಧ ನಿಮಿಷದಲ್ಲಿ ಜಾಗ ತಿನ್ನುತ್ತದೆ, ಅದನ್ನು ವಿವರಣೆಯಲ್ಲಿ ಹಾಕಿ.

ಬರೆದಾದ ಮೇಲೆ ಚಿತ್ರ ಜೋಡಿಸುವ ಮುಂಚೆ ಬರೀ ದನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ವಿಷಯ ಗೊತ್ತಿಲ್ಲದ ಒಬ್ಬರಿಗೆ ಕೇಳಿಸಿ, ‘ಏನು ತಿಳೀತು?’ ಎಂದು ಕೇಳಿ. ಬೆಂಗಳೂರಿಗೆ 1902ರಲ್ಲೇ ಕರೆಂಟ್ ಬಂತು ಎಂದು ಅವರು ಹೇಳಿದರೆ ತಪ್ಪು ಅವರದಲ್ಲ. ಗಣಿಯ ವಾಕ್ಯವೂ ಬೆಂಗಳೂರಿನ ವಾಕ್ಯವೂ ತೀರಾ ಒತ್ತಿಕೊಂಡಿವೆ, ನಡುವೆ ಒಂದು ಉಸಿರಿನ ಬಿಡುವು ಬೇಕು.

ಪ್ರತಿ ವಾಕ್ಯದ ಕೊನೆಗೂ ಅರ್ಧ ಸೆಕೆಂಡ್ ಮೌನ ಬಿಟ್ಟೇ ಓದಿ. ಅಪ್‌ಲೋಡ್ ಆದ ಮೇಲೆ ಯೂಟ್ಯೂಬಿನಲ್ಲಿ ಅದೇ ವಿಡಿಯೊಗೆ ಹೊಸ ದನಿ ಹಾಕಲು ಬರುವುದಿಲ್ಲ, ತುಂಡು ಕತ್ತರಿಸಲು ಬರುತ್ತದೆ. ಮುಂದೆ ಯಾರಾದರೂ ತಪ್ಪು ತೋರಿಸಿದಾಗ ಮೌನದಿಂದ ಮೌನಕ್ಕೆ ಆ ಒಂದು ವಾಕ್ಯವನ್ನು ತೆಗೆದು, ಸರಿಯಾದದ್ದನ್ನು ಪಿನ್ ಮಾಡಿದ ಕಾಮೆಂಟಿನಲ್ಲಿ ಬರೆಯಬಹುದು.