ಎರಡೂ ಮುಂಗಡ ಚಂದಾ, ಒಂದನ್ನು ಕೂಡಿಸಿ ಇನ್ನೊಂದನ್ನು ಕಳೆಯುವುದೇಕೆ?

ಓದುಗರ ಪ್ರಶ್ನೆ: ಕ್ಲಬ್ಬಿನ ಸ್ವೀಕೃತಿ ಮತ್ತು ಪಾವತಿ ಖಾತೆಯಿಂದ ಆದಾಯ ಮತ್ತು ವೆಚ್ಚ ಖಾತೆ ಮಾಡುವಾಗ ಪ್ರತಿ ಸಲ ಚಂದಾ ಹತ್ತಿರ ಬಂದು ನಿಂತುಬಿಡುತ್ತೇನೆ. ಹೋದ ವರ್ಷ ಬಂದಿದ್ದ ಮುಂಗಡವನ್ನು ಕೂಡಿಸಿ, ಈ ವರ್ಷ ಬಂದ ಮುಂಗಡವನ್ನು ಕಳೆಯಿರಿ ಅಂತಾರೆ. ಎರಡೂ ಮುಂಗಡವೇ ಅಲ್ವಾ? ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಮೈನಸ್ ಯಾಕೆ?

ಉತ್ತರ: ಈ ಎರಡು ಖಾತೆಗಳು ಕೇಳುವ ಪ್ರಶ್ನೆಯೇ ಬೇರೆ ಬೇರೆ. ಮೊದಲನೆಯದು ಬರೀ ನಗದು ಪುಸ್ತಕದ ಸಾರಾಂಶ. ಈ ವರ್ಷ ಕೈಗೆ ಎಷ್ಟು ಬಂತು, ಕೈಯಿಂದ ಎಷ್ಟು ಹೋಯಿತು ಅಂತ ಮಾತ್ರ ಅದು ಹೇಳುತ್ತದೆ. ದುಡ್ಡು ಯಾವ ವರ್ಷಕ್ಕೆ ಸೇರಿದ್ದು ಅನ್ನುವುದು ಅದಕ್ಕೆ ಬೇಕಿಲ್ಲ. ಎರಡನೆಯದು ಕೇಳುವುದೇ ಅದನ್ನು: ಈ ವರ್ಷಕ್ಕೆ ಸೇರಿದ್ದು ಎಷ್ಟು? ಬಂದಿದೆಯೋ ಬಂದಿಲ್ಲವೋ ಆಮೇಲಿನ ಮಾತು.

ಒಂದು ಉದಾಹರಣೆ ಹಿಡಿದು ಹೋಗೋಣ. ಕ್ಲಬ್ಬಿನಲ್ಲಿ 100 ಸದಸ್ಯರಿದ್ದಾರೆ, ವರ್ಷದ ಚಂದಾ ತಲಾ 1,000 ರೂಪಾಯಿ. ಲೆಕ್ಕದ ವರ್ಷ 2024, ಜನವರಿಯಿಂದ ಡಿಸೆಂಬರ್‌ವರೆಗೆ. ವರ್ಷದಲ್ಲಿ ಕೈಗೆ ಬಂದ ಚಂದಾ ಒಟ್ಟು 97,000. ರಸೀದಿ ಪುಸ್ತಕ ತಿರುವಿದರೆ ಅದರಲ್ಲಿ 3,000 ಹಳೇ ಬಾಕಿ, ಅಂದರೆ 2023ರದ್ದು. 88,000 ಈ ವರ್ಷದ್ದೇ. ಉಳಿದ 6,000 ಡಿಸೆಂಬರ್ ಕೊನೆಯಲ್ಲಿ ಆರು ಜನ 2025ಕ್ಕೆಂದು ಕಟ್ಟಿದ್ದು.

ಈ 6,000ವನ್ನು ಕಳೆಯುವುದು ಯಾರಿಗೂ ಕಷ್ಟವಾಗುವುದಿಲ್ಲ. ದುಡ್ಡು 97,000ದ ಒಳಗೇ ಕೂತಿದೆ, ಆದರೆ ಈ ವರ್ಷಕ್ಕೆ ಸೇರಿದ್ದಲ್ಲ. ಆ ಆರು ಜನರಿಗೆ ಕ್ಲಬ್ ಇನ್ನೂ ಒಂದು ವರ್ಷದ ಸೌಲಭ್ಯ ಕೊಡಬೇಕಿದೆ. ಹಾಗಾಗಿ ಅದು ಬ್ಯಾಲೆನ್ಸ್ ಶೀಟಿನ ಹೊಣೆಗಾರಿಕೆ ಬದಿಗೆ ಹೋಗುತ್ತದೆ.

ತೊಡಕು ಇರುವುದು ಹೋದ ವರ್ಷದ ಮುಂಗಡದಲ್ಲಿ. 2023ರ ಡಿಸೆಂಬರಿನಲ್ಲೇ ಐದು ಜನ 2024ಕ್ಕೆಂದು 5,000 ಕಟ್ಟಿದ್ದರು ಅಂತಿಟ್ಟುಕೊಳ್ಳಿ. ಈ ವರ್ಷದ ಚಂದಾ ಸಾಲಿನಲ್ಲಿ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ. ಹಾಗಾದರೆ ಎಲ್ಲಿದೆ? ಆರಂಭದ ಶಿಲ್ಕಿನಲ್ಲಿ. ಜನವರಿ 1ರಂದು ಕ್ಲಬ್ಬಿನ ಕೈಯಲ್ಲಿ 12,000 ಇತ್ತು ಅಂದರೆ, ಈ 5,000 ಆ ಶಿಲ್ಕಿನ ಜೊತೆಗೇ ಬಂದದ್ದು. ಆದಾಯ ಮತ್ತು ವೆಚ್ಚ ಖಾತೆಗೆ ಶಿಲ್ಕನ್ನು ಒಯ್ಯುವಂತಿಲ್ಲ. ಅದರ ಜೊತೆಗೆ ಈ 5,000ವೂ ಸದ್ದಿಲ್ಲದೆ ಹೊರಗುಳಿಯುತ್ತದೆ. ಅದು 2024ರ ಆದಾಯವೇ ಆದ್ದರಿಂದ ನಾವೇ ಕರೆದು ಸೇರಿಸಬೇಕು. ಪ್ಲಸ್ ಬರುವುದು ಇದಕ್ಕೆ. ಒಂದು ಮುಂಗಡ ಒಳಗಿದ್ದೂ ಸೇರಬಾರದ್ದು, ಇನ್ನೊಂದು ಹೊರಗಿದ್ದೂ ಸೇರಬೇಕಾದದ್ದು.

ಬಾಕಿಯಲ್ಲಿ ಚಿಹ್ನೆ ಉಲ್ಟಾ. ಬಂದ ಚಂದಾದಿಂದ ವರ್ಷದ ಆರಂಭದ ಬಾಕಿ ಕಳೆಯಬೇಕು, ಕೊನೆಯ ಬಾಕಿ ಕೂಡಿಸಬೇಕು. ಇಲ್ಲೊಂದು ಕಡೆ ತುಂಬ ಜನ ಜಾರುತ್ತಾರೆ. ನಮ್ಮ ಕ್ಲಬ್ಬಿಗೆ ಆರಂಭದಲ್ಲಿ 2023ರ ಬಾಕಿ 4,000 ಇತ್ತು, ಅದರಲ್ಲಿ 3,000 ಬಂತು, 1,000 ಇನ್ನೂ ಬಂದಿಲ್ಲ. 2024ರ ಚಂದಾ ಏಳು ಜನರಿಂದ ಬರಬೇಕು, 7,000. ಹಾಗಾಗಿ ಕೊನೆಯ ಬಾಕಿ 7,000 ಅಲ್ಲ, 8,000. ಆರಂಭದ ಬಾಕಿ ಪೂರ್ತಿ 4,000 ಕಳೆದಿದ್ದೀರಿ ಅಂದ ಮೇಲೆ ಅದರಲ್ಲಿ ಇನ್ನೂ ಉಳಿದ 1,000ವನ್ನು ಕೊನೆಯ ಬಾಕಿಯಲ್ಲಿ ಸೇರಿಸಲೇಬೇಕು.

ಈಗ ಲೆಕ್ಕ ಹೀಗೆ ನಿಲ್ಲುತ್ತದೆ:

```
97,000 + 8,000 − 4,000 + 5,000 − 6,000 = 1,00,000
```

ನೂರು ಸದಸ್ಯರು, ತಲಾ 1,000. ಸರಿಯಾಗಿ ಒಂದು ಲಕ್ಷ. ಕೊನೆಯ ಬಾಕಿಯನ್ನು 7,000 ಅಂತ ಹಿಡಿದಿದ್ದರೆ 99,000 ಬರುತ್ತಿತ್ತು. ಎರಡೂ ಮುಂಗಡಗಳನ್ನು ಕಳೆದಿದ್ದರೆ 90,000. ಸದಸ್ಯರ ಸಂಖ್ಯೆ ಮತ್ತು ಚಂದಾ ದರ ಗೊತ್ತಿದ್ದರೆ ಈ ಗುಣಾಕಾರ ಮಾಡದೆ ಮುಂದೆ ಹೋಗಲೇಬೇಡಿ. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅನ್ನುವುದು ಕೊನೆಯಲ್ಲಿ ಗೊತ್ತಾಗುತ್ತದೆ.

ಉಳಿದ ಸಾಲುಗಳು ಬೇಗ ಮುಗಿಯುತ್ತವೆ. ಹಳೇ ಪೇಪರ್ ಮಾರಿದ್ದರಿಂದ 1,000 ಬಂದಿದೆ, ಅದು ಹಾಗೇ ಆದಾಯಕ್ಕೆ. ಸಂಬಳ 48,000, ಹಾಗೇ ವೆಚ್ಚಕ್ಕೆ. ಬಾಡಿಗೆ ತಿಂಗಳಿಗೆ 2,000, ಆದರೆ ಕೊಟ್ಟಿರುವುದು 26,000, ಅಂದರೆ 2025ರ ಜನವರಿಯದ್ದೂ ಸೇರಿದೆ. ವೆಚ್ಚಕ್ಕೆ 24,000 ಮಾತ್ರ, 2,000 ಮುಂಗಡ ಬಾಡಿಗೆಯೆಂದು ಆಸ್ತಿ ಬದಿಗೆ. ವರ್ಷದ ಮೊದಲಲ್ಲೇ ಕುರ್ಚಿ ಕೊಂಡದ್ದು 20,000. ಕುರ್ಚಿ ಒಂದು ವರ್ಷಕ್ಕೆ ಮುಗಿದುಹೋಗುವ ವಸ್ತುವಲ್ಲ, ಹಾಗಾಗಿ ಅದು ಆಸ್ತಿ. ವೆಚ್ಚಕ್ಕೆ ಹೋಗುವುದು ಅದರ ಸವಕಳಿ ಮಾತ್ರ, ಶೇಕಡಾ 10 ಅಂದರೆ 2,000.

ಆದಾಯ 1,01,000, ವೆಚ್ಚ 74,000. ಹೆಚ್ಚುವರಿ 27,000. ಶಿಲ್ಕು ನೋಡಿದರೆ 12,000 ಇದ್ದದ್ದು 16,000 ಆಗಿದೆ, ಏರಿದ್ದು 4,000 ಅಷ್ಟೇ. ಇದನ್ನು ನೋಡಿ ಸದಸ್ಯರ ಸಭೆಯಲ್ಲಿ "27,000 ಎಲ್ಲಿ ಹೋಯ್ತು?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಎಲ್ಲೂ ಹೋಗಿಲ್ಲ. ಹೆಚ್ಚಿನ ಪಾಲು ಕುರ್ಚಿಗಳಲ್ಲಿ ಕೂತಿದೆ, ಸ್ವಲ್ಪ ಚಂದಾ ಬಾಕಿಯಲ್ಲಿ, ಸ್ವಲ್ಪ ಮುಂಗಡ ಬಾಡಿಗೆಯಲ್ಲಿ.

ಈಗ ತಾಳೆ ನೋಡೋಣ. ಬೇರೆ ಆಸ್ತಿ, ಸಾಲ ಏನೂ ಇಲ್ಲ ಅಂದುಕೊಂಡರೆ ಆರಂಭದ ಬಂಡವಾಳ ನಿಧಿ ಎಷ್ಟು? ಶಿಲ್ಕು 12,000, ಬಾಕಿ 4,000, ಒಟ್ಟು 16,000. ಅದರಿಂದ ಹೊಣೆಯಾಗಿದ್ದ ಮುಂಗಡ 5,000 ಕಳೆದರೆ 11,000. ಇದಕ್ಕೆ ಹೆಚ್ಚುವರಿ 27,000, ಹೊಸ ಮುಂಗಡ 6,000 ಸೇರಿಸಿದರೆ 44,000. ಆಸ್ತಿ ಬದಿಯಲ್ಲಿ ಶಿಲ್ಕು 16,000, ಬಾಕಿ 8,000, ಮುಂಗಡ ಬಾಡಿಗೆ 2,000, ಕುರ್ಚಿ 18,000. ಅದೂ 44,000.

ಆದರೆ ಬ್ಯಾಲೆನ್ಸ್ ಶೀಟ್ ಸರಿಹೋಯಿತು ಅಂತ ನೆಮ್ಮದಿಯಾಗಬೇಡಿ. ಹಳೇ ಮುಂಗಡ 5,000 ಪೂರ್ತಿ ಮರೆತೇಹೋಗಿದೆ ಅಂತಿಟ್ಟುಕೊಳ್ಳಿ. ಚಂದಾ ಆದಾಯ 95,000 ಆಗುತ್ತದೆ, ಹೆಚ್ಚುವರಿ 22,000ಕ್ಕೆ ಇಳಿಯುತ್ತದೆ. ಅತ್ತ ಆರಂಭದ ನಿಧಿಯಲ್ಲೂ ಅದನ್ನು ಕಳೆಯಲು ಮರೆತಿದ್ದೀರಲ್ಲ, ಅದು 16,000 ಆಗಿಬಿಡುತ್ತದೆ. 16,000 ಮತ್ತು 22,000 ಸೇರಿದರೆ 38,000. ಸರಿಯಾದ ಲೆಕ್ಕದಲ್ಲೂ 11,000 ಮತ್ತು 27,000 ಸೇರಿ 38,000ವೇ! ಎರಡು ಬದಿಯೂ ಪೈಸೆ ಬಿಡದೆ ಹೊಂದುತ್ತವೆ, ತಪ್ಪು ಒಳಗೇ ಉಳಿಯುತ್ತದೆ. ಒಂದೇ ಕಡೆ ಮರೆತಿದ್ದರೆ 5,000 ವ್ಯತ್ಯಾಸ ಬಂದು ಸಿಕ್ಕಿಬೀಳುತ್ತಿತ್ತು. ಎರಡೂ ಕಡೆ ಮರೆತರೆ ಹಿಡಿದುಕೊಡುವುದು ನೂರು ಗುಣಿಸು ಸಾವಿರ ಅನ್ನುವ ಆ ಸಣ್ಣ ಲೆಕ್ಕವೇ.

ಪರೀಕ್ಷೆಯ ಲೆಕ್ಕದಲ್ಲಾದರೆ ಹಳೇ ಮುಂಗಡವನ್ನು ಕೆಳಗೆ ಹೊಂದಾಣಿಕೆಗಳಲ್ಲಿ ಅಥವಾ ಆರಂಭದ ಬ್ಯಾಲೆನ್ಸ್ ಶೀಟಿನಲ್ಲಿ ಕೊಟ್ಟಿರುತ್ತಾರೆ. ನಿಜವಾದ ಕ್ಲಬ್ಬಿನಲ್ಲಿ ಹಾಗೆ ಯಾರೂ ಬರೆದುಕೊಡುವುದಿಲ್ಲ. ಹೋದ ವರ್ಷದ ರಸೀದಿ ಪುಸ್ತಕದ ಕೊನೆಯ ಹಾಳೆಗಳನ್ನು ತೆಗೆದು ನೋಡಬೇಕು. ರಸೀದಿಯ ಮೇಲೆ ಬರೀ ತಾರೀಖು ಇದ್ದು "ಯಾವ ಸಾಲಿನ ಚಂದಾ" ಅಂತ ಇಲ್ಲದಿದ್ದರೆ, ಡಿಸೆಂಬರ್ 28ರಂದು ಕಟ್ಟಿದ 1,000 ಹಳೇ ಬಾಕಿಯೋ, ಈ ವರ್ಷದ್ದೋ, ಮುಂಗಡವೋ ಹೇಳಲಾಗದು. ಸುಮ್ನೆ ಊಹಿಸಬೇಡಿ, ಸದಸ್ಯರ ಪಟ್ಟಿ ಹಿಡಿದು ಒಬ್ಬೊಬ್ಬರ ಹೆಸರಿನ ಮುಂದೆ ಅವರು ಎಲ್ಲಿಯವರೆಗೆ ಕಟ್ಟಿದ್ದಾರೆ ಅಂತ ಗುರುತು ಹಾಕಿಕೊಂಡು ಬನ್ನಿ.