ರಾತ್ರಿ 11ಕ್ಕೆ ಹಿತವಾಗಿದ್ದ ಫ್ಯಾನ್ ಬೆಳಗಿನ ಜಾವ 4ಕ್ಕೆ ಯಾಕೆ ಜಾಸ್ತಿ ಆಗುತ್ತೆ

ಸೆಕೆ ಅಂತ ಫ್ಯಾನ್ 5ಕ್ಕೆ ಇಟ್ಟು ಮಲ್ಕೊಂಡಿರ್ತೀವಿ, ಬೆಳಗ್ಗೆ ಎದ್ರೆ ಗಂಟಲು ಒಣಗಿರುತ್ತೆ, ಕತ್ತು ಹಿಡ್ಕೊಂಡಿರುತ್ತೆ. ರಾತ್ರಿಯಿಡೀ ಸ್ಪೀಡ್ ಒಂದೇ ಇತ್ತು, ಆದ್ರೆ ಮೈಯಿಂದ ಹೋಗೋ ಶಾಖ ಒಂದೇ ಇರಲ್ಲ.

ಫ್ಯಾನ್ ಗಾಳೀನ ತಣ್ಣಗೆ ಮಾಡಲ್ಲ, ಚರ್ಮಕ್ಕೆ ಅಂಟ್ಕೊಂಡಿರೋ ಬೆಚ್ಚಗಿನ ಗಾಳಿ ಪದರನ ಸರಿಸುತ್ತೆ, ಬೆವರು ಬೇಗ ಆರೋ ಹಾಗೆ ಮಾಡುತ್ತೆ. ಚರ್ಮ ಸುಮಾರು 34 ಡಿಗ್ರಿ ಅಂದ್ಕೊಳ್ಳಿ, ಮಲಗೋವಾಗ ರೂಮ್ 30 ಇತ್ತು, ಅಂದ್ರೆ ವ್ಯತ್ಯಾಸ 4. ಬೆಳಗಿನ ಜಾವಕ್ಕೆ ರೂಮ್ 26ಕ್ಕೆ ಇಳಿದ್ರೆ ವ್ಯತ್ಯಾಸ 8 ಆಯ್ತು, ಫ್ಯಾನ್ ಮುಟ್ಟದೇನೇ ಗಾಳಿ ಎಳ್ಕೊಂಡು ಹೋಗೋ ಶಾಖ ಸುಮಾರು ಎರಡು ಪಟ್ಟಾಯ್ತು (ಬೆವರಿನ ಲೆಕ್ಕ ಬೇರೆ). ಅದೇ ಹೊತ್ತಲ್ಲಿ ದೇಹದ ಒಳಗಿನ ತಾಪಮಾನನೂ ದಿನದಲ್ಲೇ ಕಮ್ಮಿ ಮಟ್ಟದಲ್ಲಿರುತ್ತೆ.

ಇನ್ನೊಂದು ವಿಷಯ, ಇದು ನಂಗೆ ತುಂಬಾ ಉಪಯೋಗಕ್ಕೆ ಬಂತು: ಗಾಳಿ ವೇಗ ಅರ್ಧ ಮಾಡಿದ್ರೆ ತಂಪು ಅರ್ಧ ಆಗಲ್ಲ, ಸುಮಾರು ಮೂರನೇ ಒಂದು ಭಾಗ ಮಾತ್ರ ಕಮ್ಮಿ ಆಗುತ್ತೆ. ಅಂದ್ರೆ ಮೇಲಿನ ಲೆಕ್ಕದಲ್ಲಿ 4 ಗಂಟೆಗೆ ವೇಗ ಅರ್ಧಕ್ಕೆ ಇಳಿಸಿದ್ರೂ ಮಲಗೋವಾಗ ಇದ್ದಷ್ಟು ತಂಪು ಇದ್ದೇ ಇರುತ್ತೆ, ಇನ್ನೂ ಸ್ವಲ್ಪ ಜಾಸ್ತಿನೇ. ಹಾಗಾಗಿ ಟೈಮರ್ ಇರೋ ಫ್ಯಾನ್ ಆದ್ರೆ ಎರಡು ಮೂರು ಗಂಟೆ ಆದ್ಮೇಲೆ ಸ್ಪೀಡ್ ಇಳಿಯೋ ಹಾಗೆ ಇಡಿ, ಇಲ್ದಿದ್ರೆ ಮಲಗೋವಾಗ್ಲೇ "ಇನ್ನೊಂಚೂರು ಇದ್ರೆ ಚೆನ್ನಾಗಿರೋದು" ಅನ್ಸೋ ಸ್ಪೀಡಲ್ಲಿ ಬಿಡಿ.

ಗಂಟಲಿಗೆ ಬಂದ್ರೆ, ಫ್ಯಾನ್ ರೂಮಿನ ತೇವಾಂಶನ ತೆಗೆಯಲ್ಲ. ಮೂಗಲ್ಲಿ ಉಸಿರಾಡಿದ್ರೆ ಗಾಳಿ ಒಳಗೆ ಹೋಗೋ ದಾರೀಲೇ ಬೆಚ್ಚಗಾಗಿ ಒದ್ದೆಯಾಗುತ್ತೆ, ಬಾಯಿ ತೆರ್ಕೊಂಡು ಮಲಗಿದ್ರೆ ಆ ಕೆಲಸ ಬಾಯಿ ಗಂಟಲಿನ ಮೇಲೆ ಬೀಳುತ್ತೆ, ನಿದ್ದೇಲಿ ಜೊಲ್ಲು ಬರೋದೇ ತುಂಬಾ ಕಮ್ಮಿ, ಮೇಲಿಂದ ಗಾಳಿ ಬೇರೆ ನೇರ ಬಾಯಿಗೆ ಬೀಳ್ತಿರುತ್ತೆ. ಸ್ಪೀಡ್ ಕಮ್ಮಿ ಮಾಡಿದ್ರೂ ಗಂಟಲು ಒಣಗ್ತಾನೇ ಇದ್ರೆ ಮೂಗು ಕಟ್ಟಿದ್ಯಾ ನೋಡ್ಕೊಳ್ಳಿ, ರೆಕ್ಕೆ ಮೇಲಿನ ಧೂಳು ಕೂಡ ಅದಕ್ಕೆ ಕಾರಣ ಆಗ್ಬಹುದು.

ಕತ್ತಿನ ವಿಷಯದಲ್ಲಿ ತಪ್ಪೆಲ್ಲಾ ಫ್ಯಾನಿಂದು ಅನ್ನೋಕಾಗಲ್ಲ, ದಿಂಬಿನ ಎತ್ತರ, ಒಂದೇ ಕಡೆ ತಿರುಗಿ ಮಲಗಿದ್ದು ಇವೂ ಸೇರಿರುತ್ತೆ. ಆದ್ರೆ ಬೆವರಿದ ಕತ್ತಿನ ಮೇಲೆ ಗಂಟೆಗಟ್ಟಲೆ ಗಾಳಿ ಬೀಳೋದು ತಪ್ಪಿಸೋದು ಸುಲಭ. ಫ್ಯಾನಿನ ನಟ್ಟನಡುವೆ ಮೋಟರ್ ಕೆಳಗೆ ಗಾಳಿ ಕಮ್ಮಿ, ರೆಕ್ಕೆಗಳ ಕೆಳಗೆ ಉಂಗುರದ ಥರ ಜೋರಾಗಿ ಇಳಿಯುತ್ತೆ. ಟಿಶ್ಯೂ ಪೇಪರಿನ ಒಂದು ಪಟ್ಟಿ ದಿಂಬಿನ ಮೇಲೆ ಹಿಡಿದು ನೋಡಿ, ಪಟಪಟ ಅಂತ ಬಡ್ಕೊಂಡ್ರೆ ತಲೆ ಆ ಉಂಗುರದಲ್ಲೇ ಇದೆ. ತಲೆ ಕಾಲು ಅದಲು ಬದಲು ಮಾಡಿ ಮತ್ತೆ ಹಿಡಿದು ನೋಡಿ, ಗಾಳಿ ಕಾಲಿನ ಕಡೆ ಬಿದ್ರೂ ಮೈ ತಂಪಾಗುತ್ತೆ. ಮಂಚ ತಿರುಗಿಸೋಕೆ ಆಗ್ದಿದ್ರೆ ಒಂದು ತೆಳು ಬಟ್ಟೆ ಕತ್ತು ಭುಜದ ಮೇಲೆ ಇದ್ರೂ ಸಾಕು.