ಚಿಗವ್ವನ ಕಾಲಿನ ಅಳತೆ: ಉಬ್ಬಿದ ರಕ್ತನಾಳ ಮತ್ತು ಕಂಪ್ರೆಷನ್ ಸ್ಟಾಕಿಂಗ್

ನಮ್ಮ ವಿಜಯಪುರ ಕಡೆ ಮೊಣಕಾಲಿನ ಕೆಳಗೆ ನೀಲಿ ಗಂಟು ಕಾಣಿಸಿಕೊಂಡರೆ ಎಲ್ಲರೂ ಹೇಳುವುದು ಒಂದೇ ಮಾತು: "ನರ ಉಬ್ಬ್ಯಾವ." ಆದರೆ ಅದು ನರ ಅಲ್ಲ, ರಕ್ತನಾಳ. ಕಾಲಿನ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ಅಭಿಧಮನಿ. ಈ ಒಂದು ಪದದಿಂದ ಎಷ್ಟು ದಿನ ಹಾಳಾಗುತ್ತದೆ ಅನ್ನುವುದಕ್ಕೆ ನಮ್ಮ ಚಿಗವ್ವನೇ ಸಾಕ್ಷಿ. ಅವರಿಗೆ 46 ವರ್ಷ. ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. "ನರದ ತ್ರಾಸ" ಅಂತ ಹೇಳಿ ಹೇಳಿ, ಎರಡು ವರ್ಷ ಸುಮ್ನೆ ವಿಟಮಿನ್ ಮಾತ್ರೆ ನುಂಗಿದ್ದರು. ನರ್ಸಿಂಗ್ ಓದುತ್ತಿರುವ ನಾನು ಈ ಪಾಠವನ್ನು ನಿಜವಾಗಿ ಕಲಿತದ್ದು ಅವರ ಕಾಲು ನೋಡಿ. ಅದೇ ಕ್ರಮದಲ್ಲಿ ನನ್ನ ಸಹಪಾಠಿಗಳಿಗಾಗಿ ಇಲ್ಲಿ ಬರೆಯುತ್ತೇನೆ.

ಅವರು ಹೇಳಿದ್ದು ಹೀಗೆ: "ಮುಂಜಾನೆ ಏನೂ ಇರಂಗಿಲ್ಲ ನೋಡವಾ. ಮಧ್ಯಾಹ್ನ ಆದ ಮ್ಯಾಲೆ ಕಾಲು ಕಲ್ಲಾಗ್ತಾವ. ಸಂಜೀಕ ಚಪ್ಪಲಿ ಪಟ್ಟಿ ಬಿಗೀತಾವ." ಈ ಮೂರು ಮಾತಿನಲ್ಲೇ ಅರ್ಧ ರೋಗನಿರ್ಣಯ ಇದೆ. ಬೆಳಿಗ್ಗೆ ಆರಾಮ, ನಿಂತಷ್ಟೂ ಜಾಸ್ತಿ, ಕಾಲು ಮೇಲಿಟ್ಟು ಮಲಗಿದರೆ ಕಡಿಮೆ. ನರದ ನೋವು ಸಾಮಾನ್ಯವಾಗಿ ಹೀಗೆ ಗಡಿಯಾರ ನೋಡಿಕೊಂಡು ಬರುವುದಿಲ್ಲ.

ನಿಂತರೆ ಯಾಕೆ ಹೀಗಾಗುತ್ತದೆ? ನಾವು ಅಲುಗಾಡದೆ ನಿಂತಾಗ ಹೃದಯದಿಂದ ಪಾದದ ಗಂಟಿನವರೆಗಿನ ರಕ್ತದ ಭಾರವೆಲ್ಲ ಕೆಳಗಿನ ಅಭಿಧಮನಿಗಳ ಮೇಲೆ ಬೀಳುತ್ತದೆ. ಅಲ್ಲಿನ ಒತ್ತಡ ಸುಮಾರು 80ರಿಂದ 90 ಮಿ.ಮೀ. ಪಾದರಸ. ನಡೆಯಲು ಶುರು ಮಾಡಿದರೆ ಅದು 30ರ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಇಳಿಸುವುದು ಮೀನಖಂಡ. ಹೆಜ್ಜೆ ಇಟ್ಟಾಗಲೆಲ್ಲ ಆ ಸ್ನಾಯು ಬಿಗಿದು ಒಳಗಿನ ಅಭಿಧಮನಿಯನ್ನು ಹಿಂಡುತ್ತದೆ, ರಕ್ತ ಮೇಲೇರುತ್ತದೆ. ಏರಿದ ರಕ್ತ ಮತ್ತೆ ಜಾರದಂತೆ ತಡೆಯಲು ನಾಳದೊಳಗೆ ಅಲ್ಲಲ್ಲಿ ಕವಾಟಗಳಿವೆ. ಬೋರ್‌ವೆಲ್ ಪೈಪಿಗೆ ನೀರು ವಾಪಸ್ ಇಳಿಯದಂತೆ ವಾಲ್ವ್ ಹಾಕುತ್ತಾರಲ್ಲ, ಕೆಲಸ ಅದೇ.

ಕವಾಟ ಸಡಿಲವಾದರೆ ರಕ್ತ ಕೆಳಗೆ ಜಾರುತ್ತದೆ, ನಾಳ ಹಿಗ್ಗುತ್ತದೆ. ಹಿಗ್ಗಿದ ನಾಳದಲ್ಲಿ ಪಕ್ಕದ ಕವಾಟವೂ ಸರಿಯಾಗಿ ಮುಚ್ಚುವುದಿಲ್ಲ. ವಂಶದಲ್ಲಿದ್ದರೆ, ಹೆರಿಗೆಗಳಾಗಿದ್ದರೆ, ಮೈಭಾರ ಇದ್ದರೆ ಇದು ಬೇಗ. ಚಿಗವ್ವನ ತಾಯಿಗೂ ಇತ್ತು. ಎರಡು ಹೆರಿಗೆ, ಅದರ ಮೇಲೆ ದಿನಕ್ಕೆ ಐದಾರು ತಾಸು ಕಪ್ಪು ಹಲಗೆಯ ಮುಂದೆ. ಹಾಗಂತ ಬರೀ ನಿಂತದ್ದರಿಂದಲೇ ರೋಗ ಬಂತು ಅಂತ ಬರೆಯಬೇಡಿ. ಸಡಿಲ ಕವಾಟದ ಮೇಲೆ ನಿಲ್ಲುವ ಕೆಲಸ ಭಾರ ಹೇರುತ್ತದೆ ಅಂತ ಬರೆಯುವುದು ಸರಿ.

ಒಂದು ಸಂಜೆ ನಾನೇ ನೋಡಿದೆ. ಮೊಣಕಾಲಿನ ಒಳಬದಿಯಿಂದ ಮೀನಖಂಡದ ಕಡೆಗೆ ಹಗ್ಗದಂತೆ ಸುತ್ತಿಕೊಂಡ ನಾಳ. ಮುಂಗಾಲಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ನಿಧಾನಕ್ಕೆ ಒತ್ತಿ ಹತ್ತರವರೆಗೆ ಎಣಿಸಿ ಬಿಟ್ಟೆ. ನಾದಿದ ಹಿಟ್ಟಿನಲ್ಲಿ ಬಿದ್ದಂಥ ಗುಳಿ ಹಾಗೇ ಉಳಿಯಿತು. ಹರಡಿನ, ಅಂದರೆ ಪಾದದ ಗಂಟಿನ, ಸುತ್ತ ಚರ್ಮ ಕಪ್ಪಾಗಿರಲಿಲ್ಲ, ಗಟ್ಟಿಯಾಗಿರಲಿಲ್ಲ, ಹುಣ್ಣೂ ಇರಲಿಲ್ಲ. ನಮ್ಮ ಪಠ್ಯದ ದರ್ಜೆಯಲ್ಲಿ ಸಿ2 ಅಂದರೆ ಉಬ್ಬಿದ ನಾಳ, ಸಿ3 ಅಂದರೆ ಬಾವು, ಸಿ4 ಅಂದರೆ ಚರ್ಮದ ಬದಲಾವಣೆ, ಸಿ6 ಅಂದರೆ ತೆರೆದ ಹುಣ್ಣು. ಚಿಗವ್ವ ಸಿ3ರಲ್ಲಿದ್ದರು. ಎರಡೂ ಕಾಲು ನಿಧಾನವಾಗಿ ಬಾತಿದ್ದವು. ಒಂದೇ ಕಾಲು ಒಂದೆರಡು ದಿನದಲ್ಲಿ ಬಾತು, ಬಿಸಿಯಾಗಿ, ನೋವು ಕೊಟ್ಟರೆ ಅದು ಬೇರೆ ಕಥೆ. ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಸ್ಟಾಕಿಂಗ್, ಅಂದರೆ ಕಾಲನ್ನು ಹೊರಗಿನಿಂದ ಒತ್ತಿ ಹಿಡಿಯುವ ಬಿಗಿಯಾದ ಎಲಾಸ್ಟಿಕ್ ಚೀಲ. ನಾನು ನೋಡುವ ಮೊದಲೇ ಅವರು ಒಂದು ಜೊತೆ ಕೊಂಡಿದ್ದರು. ಅಂಗಡಿಯವರು ಅಳತೆ ತೆಗೆಯದೆ "ಮೀಡಿಯಂ ಬರ್ತಾವ್ರಿ" ಅಂತ ಕೊಟ್ಟಿದ್ದರು. ಅದು ಉದ್ದ ಜಾಸ್ತಿಯಾಗಿ, ಚಿಗವ್ವ ಮೇಲಿನ ಅಂಚನ್ನು ಮೊಣಕಾಲಿನ ಕೆಳಗೆ ಎರಡು ಸುತ್ತು ಮಡಚಿ ಹಾಕುತ್ತಿದ್ದರು. ಸಂಜೆ ಬಿಚ್ಚಿದರೆ ಅಲ್ಲಿ ಕೆಂಪು ಉಂಗುರ, ಅದರ ಕೆಳಗೆ ಮೊದಲಿಗಿಂತ ಜಾಸ್ತಿ ಬಾವು. "ಇದನ್ನ ಹಾಕಿದ್ಮ್ಯಾಲೇ ಜಾಸ್ತಿ ಆತು" ಅಂದರು. ನಿಜವೇ. ಯಾಕೆ ಅಂತ ಅರ್ಥ ಮಾಡಿಕೊಳ್ಳೋಣ.

ಸರಿಯಾದ ಸ್ಟಾಕಿಂಗ್ ಎಲ್ಲಾ ಕಡೆ ಒಂದೇ ಬಿಗಿ ಇರುವುದಿಲ್ಲ. ಹರಡಿನ ಹತ್ತಿರ ಅತಿ ಬಿಗಿ, ಮೇಲೆ ಹೋದಂತೆ ಸಡಿಲ. ರಕ್ತ ಮೇಲಕ್ಕೆ ಹೋಗಲು ದಾರಿ ಬಿಡುವುದು ಈ ಇಳಿಕೆಯೇ. ಅಂಚನ್ನು ಮಡಚಿದರೆ ಅಲ್ಲಿ ಬಟ್ಟೆ ಎರಡು ಮೂರು ಪದರ ಆಗುತ್ತದೆ, ಬಿಗಿಯೂ ಅಷ್ಟೇ ಏರುತ್ತದೆ. ಮೇಲೆ ದಾರ ಕಟ್ಟಿದ ಹಾಗಾಯಿತು. ರಕ್ತ ಕೆಳಗೇ ನಿಂತಿತು.

ಡಬ್ಬಿಯ ಮೇಲೆ ಬರೆದ ದರ್ಜೆಯ ಬಗ್ಗೆಯೂ ಹುಷಾರು. "ಕ್ಲಾಸ್ 2" ಅಂದರೆ ಜರ್ಮನ್ ಲೆಕ್ಕದಲ್ಲಿ 23ರಿಂದ 32 ಮಿ.ಮೀ. ಪಾದರಸ, ಬ್ರಿಟಿಷ್ ಲೆಕ್ಕದಲ್ಲಿ 18ರಿಂದ 24. ಆದ್ದರಿಂದ ದರ್ಜೆ ಓದಿ ಬಿಡಬೇಡಿ, ಒತ್ತಡದ ಸಂಖ್ಯೆ ಓದಿ. ಆಸ್ಪತ್ರೆಯಲ್ಲಿ ಆಪರೇಷನ್ ಆದವರಿಗೆ ಹಾಕುವ ಬಿಳಿ ಸ್ಟಾಕಿಂಗ್ ಮಲಗಿರುವವರಿಗಾಗಿ ಮಾಡಿದ್ದು. ದಿನವಿಡೀ ನಿಂತು ಕೆಲಸ ಮಾಡುವವರಿಗೆ ಅದು ಸಾಲದು.

ಆದರೆ ಬಿಗಿ ಹಾಕುವ ಮೊದಲು ಒಂದು ಪ್ರಶ್ನೆ ಇದೆ. ಇದನ್ನು ನಾವು ಓದುವಾಗ ಹಾರಿಸಿಬಿಡುತ್ತೇವೆ. ಕಾಲಿಗೆ ರಕ್ತ ತರುವ ಅಪಧಮನಿ ಚೆನ್ನಾಗಿದೆಯಾ? ಅದು ಮೊದಲೇ ಕಟ್ಟಿಕೊಂಡಿದ್ದರೆ ಮೇಲಿಂದ ಒತ್ತಿ ಬಂದಷ್ಟು ರಕ್ತವನ್ನೂ ತಡೆದಂತೆ. ಚರ್ಮ ಸತ್ತು ಹುಣ್ಣಾಗಬಹುದು. ಅದಕ್ಕೇ ಚಿಗವ್ವನನ್ನು ಮೊದಲು ಡಾಕ್ಟರ ಹತ್ತಿರ ಕರೆದೊಯ್ದೆ. ಕೈಯಲ್ಲಿ ಹಿಡಿಯುವ ಸಣ್ಣ ಡಾಪ್ಲರ್ ಯಂತ್ರದಿಂದ ಅಳೆದರು. ತೋಳಿನಲ್ಲಿ ಮೇಲಿನ ರಕ್ತದೊತ್ತಡ 134. ಪಾದದ ಎರಡು ನಾಡಿಗಳಲ್ಲಿ 136 ಮತ್ತು 140. ದೊಡ್ಡದನ್ನು ಹಿಡಿಯಬೇಕು. 140 ಭಾಗಿಸು 134, ಅಂದರೆ 1.04. ಇದು ಸರಿಯಾದ ಸಂಖ್ಯೆ. 0.8ಕ್ಕಿಂತ ಕಡಿಮೆ ಬಂದಿದ್ದರೆ ಸ್ಟಾಕಿಂಗ್ ವಿಚಾರ ತಜ್ಞರಿಗೇ ಬಿಡಬೇಕಿತ್ತು. 0.5ರ ಕೆಳಗಾದರೆ ಒತ್ತಡ ಹಾಕಲೇಬಾರದು. 1.3 ದಾಟಿದರೆ "ಬಹಳ ಚೆನ್ನಾಗಿದೆ" ಅಂದುಕೊಳ್ಳಬೇಡಿ. ಸಕ್ಕರೆ ಕಾಯಿಲೆಯವರಲ್ಲಿ ಅಪಧಮನಿ ಗಡಸಾಗಿ ಹಾಗೆ ಬರುತ್ತದೆ, ಆ ಸಂಖ್ಯೆಯನ್ನು ನಂಬಲಾಗದು. ಪಾದದಲ್ಲಿ ಸ್ಪರ್ಶ ಕಡಿಮೆ ಇರುವವರಿಗೂ ಅಪಾಯ ಇದೆ. ಬಟ್ಟೆ ಕೊರೆದರೂ ಅವರಿಗೆ ಗೊತ್ತಾಗುವುದಿಲ್ಲ.

ಅಲ್ಲೇ ಚಿಗವ್ವನನ್ನು ನಿಲ್ಲಿಸಿ ಸ್ಕ್ಯಾನ್ ಕೂಡ ಮಾಡಿದರು. ತೊಡೆಯ ಒಳಬದಿಯ ದೊಡ್ಡ ಅಭಿಧಮನಿಯಲ್ಲಿ ರಕ್ತ ಅರ್ಧ ಸೆಕೆಂಡಿಗಿಂತ ಜಾಸ್ತಿ ಹಿಂದೆ ಹರಿಯುತ್ತಿತ್ತು. ಅಷ್ಟಾದರೆ ಕವಾಟ ಸೋತಿದೆ ಎಂದೇ ಲೆಕ್ಕ. ಲೇಸರ್ ಚಿಕಿತ್ಸೆ ಬೇಸಿಗೆ ರಜೆಯಲ್ಲಿ, ಅಲ್ಲಿವರೆಗೆ ಮೊಣಕಾಲವರೆಗಿನ ಸ್ಟಾಕಿಂಗ್, ಒತ್ತಡ 23ರಿಂದ 32 ಅಂತ ಡಾಕ್ಟರು ಬರೆದುಕೊಟ್ಟರು.

ಅವತ್ತು ಸಂಜೆ ಏಳಕ್ಕೆ ಮನೆಯಲ್ಲಿ ಟೇಪು ಹಿಡಿದೆ. ಹರಡಿನ ಎಲುಬಿನ ಸ್ವಲ್ಪ ಮೇಲೆ, ಕಾಲು ಅತಿ ತೆಳ್ಳಗಿರುವ ಕಡೆ, 25.5 ಸೆಂ.ಮೀ. ಮರುದಿನ ಅವರು ಹಾಸಿಗೆಯಿಂದ ಏಳುವ ಮೊದಲೇ ಮತ್ತೆ ಅಳೆದೆ. 23! ಮೀನಖಂಡದ ಅತಿ ದಪ್ಪ ಭಾಗ 39 ಇದ್ದದ್ದು 37 ಆಗಿತ್ತು. ನಾವು ಕೊಂಡ ಕಂಪನಿಯ ಪಟ್ಟಿಯಲ್ಲಿ ಸಂಜೆಯ ಅಳತೆಗೆ ಲಾರ್ಜ್ ಬರುತ್ತಿತ್ತು, ಮುಂಜಾನೆಯ ಅಳತೆಗೆ ಮೀಡಿಯಂ. ಲಾರ್ಜ್ ಕೊಂಡಿದ್ದರೆ ಬಾವು ಇಳಿದ ಕಾಲಿಗೆ ಅದು ಸಡಿಲ, ಒತ್ತಡವೇ ಬೀಳುತ್ತಿರಲಿಲ್ಲ. ಅಂದರೆ ಅಂಗಡಿಯವರ "ಮೀಡಿಯಂ" ಸುತ್ತಳತೆಗೆ ಸರಿಯೇ ಇತ್ತು. ತಪ್ಪಿದ್ದು ಉದ್ದ. ನೆಲದಿಂದ ಮೊಣಕಾಲಿನ ಹಿಂದಿನ ಮಡಿಕೆವರೆಗೆ ಚಿಗವ್ವನದು 37 ಸೆಂ.ಮೀ. ಅವರಿಗೆ ಬೇಕಿದ್ದದ್ದು ಮೀಡಿಯಂನಲ್ಲೇ ಗಿಡ್ಡ ಉದ್ದದ್ದು. ಸುತ್ತಳತೆ ಎರಡು, ಉದ್ದ ಒಂದು. ಮೂರೂ ಬೇಕು, ಮುಂಜಾನೆಯೇ ಬೇಕು, ಎರಡೂ ಕಾಲಿಗೆ ಬೇರೆ ಬೇರೆ ಬೇಕು.

ಹಾಕುವುದು ಮೊದಲ ವಾರ ದೊಡ್ಡ ಜಗಳವೇ ಆಯಿತು. ಕಾಲುಚೀಲದಂತೆ ಮುದುಡಿ ಎಳೆದರೆ ಏರುವುದಿಲ್ಲ. ಕೈಯನ್ನು ಒಳಗೆ ಹಾಕಿ ಹಿಮ್ಮಡಿಯ ಗೂಡು ಹಿಡಿದು, ಅಲ್ಲಿವರೆಗೆ ಒಳಮೈ ಹೊರಗೆ ಬರುವಂತೆ ತಿರುವಬೇಕು. ಪಾದ ಹೋಗಲಿ, ಹಿಮ್ಮಡಿ ಸರಿಯಾಗಿ ಗೂಡಿನಲ್ಲಿ ಕೂರಲಿ. ಆಮೇಲೆ ಉಳಿದದ್ದನ್ನು ಕಾಲಿನ ಮೇಲೆ ಸ್ವಲ್ಪ ಸ್ವಲ್ಪವೇ ಹಾಯಿಸಬೇಕು. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಬಟ್ಟೆ ಜಾರುವುದಿಲ್ಲ, ಉಗುರೂ ತಾಗುವುದಿಲ್ಲ. ಕೊನೆಗೆ ಅಂಗೈಯಿಂದ ಸುಕ್ಕುಗಳನ್ನು ಮೇಲಕ್ಕೆ ಸವರಬೇಕು. ಹರಡಿನ ಮುಂದೆ ಒಂದು ಸುಕ್ಕು ಉಳಿದರೂ ಸಂಜೆ ಹೊತ್ತಿಗೆ ಅಲ್ಲಿ ಗೆರೆ ಕೊರೆದಿರುತ್ತದೆ. ಎದ್ದ ತಕ್ಷಣ, ಬಾವು ಬರುವ ಮೊದಲೇ ಹಾಕುವುದು. ತಡವಾದರೆ ಹತ್ತು ನಿಮಿಷ ಕಾಲು ಮೇಲಿಟ್ಟು ಮಲಗಿ ಆಮೇಲೆ. ರಾತ್ರಿ ಬಿಚ್ಚಬೇಕು. ಬೆರಳು ತಣ್ಣಗಾದರೆ, ನೀಲಿಯಾದರೆ, ಜುಮ್ಮೆಂದರೆ ಯಾವ ಹೊತ್ತಾದರೂ ಬಿಚ್ಚಬೇಕು.

ನಮ್ಮ ಬಿಸಿಲಿನಲ್ಲಿ ಇದನ್ನು ಹಾಕಿಕೊಂಡಿರುವುದು ಸುಲಭ ಅಲ್ಲ. ಮಾರ್ಚ್‌ನಲ್ಲಿ ಚಿಗವ್ವನಿಗೆ ಬೆವರಿ ತುರಿಕೆ ಶುರುವಾಯಿತು. ಬೆರಳು ತೆರೆದಿರುವ ನಮೂನೆಗೆ ಬದಲಿಸಿದೆವು, ಎರಡು ಜೊತೆ ಇಟ್ಟುಕೊಂಡು ದಿನಾ ಒಂದನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಹಿಂಡದೆ ನೆರಳಿಗೆ ಹಾಕಿದೆವು. ಲೋಷನ್ ಮುಂಜಾನೆ ಬೇಡ, ರಾತ್ರಿ ಬಿಚ್ಚಿದ ಮೇಲೆ ಹಚ್ಚುವುದು.

ಸ್ಟಾಕಿಂಗ್ ಸೋತ ಕವಾಟವನ್ನು ರಿಪೇರಿ ಮಾಡುವುದಿಲ್ಲ. ಹಾಕಿರುವಷ್ಟು ಹೊತ್ತು ಭಾರ, ಬಾವು ಕಡಿಮೆ, ಅಷ್ಟೇ. ಮತ್ತೆ ಅದು ಚೆನ್ನಾಗಿ ಕೆಲಸ ಮಾಡಬೇಕಾದರೆ ಒಳಗೆ ಮೀನಖಂಡ ಆಡಬೇಕು. ಹಾಗಾಗಿ ಚಿಗವ್ವ ಈಗ ಹಲಗೆಯ ಮುಂದೆ ಬರೆಯುವಾಗ ಹಿಮ್ಮಡಿ ಎತ್ತಿ ಇಳಿಸುತ್ತಾರೆ, ಹದಿನೈದು ಇಪ್ಪತ್ತು ಸಲ. ಮಕ್ಕಳ ಪಾಟಿ ನೋಡಲು ಸಾಲುಗಳ ನಡುವೆ ಅಡ್ಡಾಡುತ್ತಾರೆ. ಶಿಕ್ಷಕರಿಗೆ ಇಷ್ಟಾದರೂ ಸಾಧ್ಯ. ಬಟ್ಟೆ ಅಂಗಡಿಯ ಕೌಂಟರಿನ ಹಿಂದೆ ನಿಲ್ಲುವ ಹುಡುಗಿಯರಿಗೆ ಎರಡು ಹೆಜ್ಜೆ ಜಾಗವೂ ಇರುವುದಿಲ್ಲ. ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರಲು ಆಸನ ಕೊಡಬೇಕೆಂದು ಕಾಯ್ದೆ ತಿದ್ದಿದರು. ಅವರಿಗೆ ಸ್ಟಾಕಿಂಗ್ ಬರೆದುಕೊಡುವಾಗ "ಸ್ಟೂಲ್ ಐತೇನವಾ?" ಅಂತಲೂ ಕೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಾಲ್ಕನೇ ತಿಂಗಳು ಚಿಗವ್ವ ಖುಷಿಯಿಂದ ಫೋನ್ ಮಾಡಿದರು: "ಈಗ ನೋಡವಾ, ಗ್ಲೌಸ್ ಇಲ್ದೇ ಸಲೀಸಾಗಿ ಏರತಾವ." ನಾನು ಸಂಜೆ ಹೋಗಿ ಮತ್ತೆ ಹೆಬ್ಬೆರಳು ಒತ್ತಿದೆ. ಸಣ್ಣ ಗುಳಿ ಬಿತ್ತು. ಮರುದಿನ ಮುಂಜಾನೆ ಅಳತೆ ಅದೇ 23. ಕಾಲು ಸಣ್ಣದಾಗಿರಲಿಲ್ಲ, ಎಲಾಸ್ಟಿಕ್ ಸಡಿಲಾಗಿತ್ತು. ದಿನಾ ಹಾಕಿ ತೊಳೆದರೆ ಮೂರರಿಂದ ಆರು ತಿಂಗಳಲ್ಲಿ ಹೀಗಾಗುತ್ತದೆ. ಅದೇ ದಿನ ಹೊಸ ಜೊತೆ ತಂದೆವು, ಮತ್ತೆ ಗ್ಲೌಸ್ ಹೊರಗೆ ಬಂತು.